ಲಿಂಕ್ ಹಾಕಿದ್ದು ಮನೆಯವರ ಗ್ರೂಪಿಗೆ, ನೋಡಿದ್ದು ಯಾರ್‍ಯಾರು?

ಪ್ರಶ್ನೆ: ಮಗಳ ನಾಮಕರಣದ 400 ಫೋಟೋಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ, ಫೋಲ್ಡರಿನ ಲಿಂಕನ್ನು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿದ್ದೆ. ಗ್ರೂಪಿನಲ್ಲೇ ಇಲ್ಲದ ಒಬ್ಬರು ‘ಫೋಟೋ ನೋಡಿದೆ’ ಅಂದರು! ಆ ಮೆಸೇಜ್ ಡಿಲೀಟ್ ಮಾಡಿದರೆ ಸಾಕಾ? ಫೋಟೋಗಳನ್ನೇ ನೇರವಾಗಿ ಕಳಿಸಬೇಕಿತ್ತಾ?

ಉತ್ತರ: ಡಿಲೀಟ್ ಮಾಡಿದರೆ ಸಾಲದು. ಗ್ರೂಪಿನಲ್ಲಿ ಮೆಸೇಜ್ ಕಾಣಿಸುವುದಿಲ್ಲ, ಅಷ್ಟೇ. ಫೋಲ್ಡರ್ ತೆರೆದೇ ಇರುತ್ತದೆ.

ಹಂಚುವಾಗ ನೀವು ಬಹುಶಃ “Anyone with the link” ಆರಿಸಿದ್ದೀರಿ. ಆಗ ಡ್ರೈವ್ ಯಾರನ್ನೂ ‘ನೀನ್ಯಾರು’ ಎಂದು ಕೇಳುವುದಿಲ್ಲ. ಲಾಗಿನ್ ಕೂಡ ಬೇಡ. ಗ್ರೂಪಿನಲ್ಲಿದ್ದವರು ಒಬ್ಬರು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಮಾಡಿದರೂ ಸಾಕು, ಅಲ್ಲಿದ್ದವರಿಗೆಲ್ಲ ನಿಮ್ಮ ಫೋಲ್ಡರ್ ತೆರೆಯುತ್ತದೆ. ಅನುಮಾನವಿದ್ದರೆ ಬ್ರೌಸರಿನ ಇನ್‌ಕಾಗ್ನಿಟೊ ವಿಂಡೋದಲ್ಲಿ ಆ ಲಿಂಕ್ ಹಾಕಿ ನೋಡಿ. ಲಾಗಿನ್ ಕೇಳದೆ ಫೋಟೋ ಕಂಡರೆ, ಊರಿಗೆಲ್ಲ ಕಾಣುತ್ತದೆ ಎಂದೇ ಲೆಕ್ಕ.

ಈಗ ಡ್ರೈವ್‌ನಲ್ಲಿ ಫೋಲ್ಡರಿನ Share ತೆರೆಯಿರಿ. “General access” ಕೆಳಗೆ “Restricted” ಆರಿಸಿ. ಎಷ್ಟು ಕೈ ದಾಟಿದ್ದರೂ ಆ ಲಿಂಕ್ ಹೊರಗಿನವರಿಗೆ ತೆರೆಯುವುದಿಲ್ಲ. ಯಾವುದಾದರೂ ಫೋಟೋದ ಲಿಂಕನ್ನು ಬಿಡಿಯಾಗಿ ಕೊಟ್ಟಿದ್ದರೆ ಅದನ್ನೂ ಪ್ರತ್ಯೇಕವಾಗಿ ಮುಚ್ಚಬೇಕು. ಬೇಕಾದವರ ಜಿಮೇಲ್ ವಿಳಾಸವನ್ನು ಅಲ್ಲೇ ಸೇರಿಸಿ, “Viewer” ಎಂದು ಕೊಡಿ. “Editor” ಕೊಟ್ಟರೆ ಅವರು ಬೇರೆಯವರನ್ನೂ ಸೇರಿಸಬಹುದು, ಫೋಲ್ಡರಿನಿಂದ ಫೋಟೋ ತೆಗೆದೂ ಬಿಡಬಹುದು.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮುಂದೆಂದೋ ಅದೇ ಫೋಲ್ಡರನ್ನು ಮತ್ತೆ “Anyone with the link” ಮಾಡಿದರೆ ಹಳೆಯ ಲಿಂಕೇ ಜೀವ ಪಡೆಯುತ್ತದೆ, ವಿಳಾಸ ಬದಲಾಗುವುದಿಲ್ಲ. ಹಾಗಾಗಿ ಮತ್ತೆ ಹಂಚುವುದಿದ್ದರೆ ಹೊಸ ಫೋಲ್ಡರ್ ಮಾಡಿ, ಫೋಟೋಗಳ ಕಾಪಿ ಅದಕ್ಕೆ ಹಾಕಿ. ಈಗಾಗಲೇ ಡೌನ್‌ಲೋಡ್ ಮಾಡಿಕೊಂಡವರ ಫೋನಿನಲ್ಲಿರುವುದು ಮಾತ್ರ ವಾಪಸ್ ಬರುವುದಿಲ್ಲ. ಡೌನ್‌ಲೋಡ್ ಆಯ್ಕೆ ಬಂದ್ ಮಾಡುವ ಸೌಲಭ್ಯವೇನೋ ಇದೆ, ಆದರೆ ಸ್ಕ್ರೀನ್‌ಶಾಟ್ ತಡೆಯುವವರು ಯಾರು?

ನೇರವಾಗಿ ಕಳಿಸಿದ್ದರೆ ಇನ್ನೂ ಕಷ್ಟವಿತ್ತು ಎಂಬುದು ನನ್ನ ಅಭಿಪ್ರಾಯ. ಫೈಲ್ ಹೋದರೆ ಹೋದ ಹಾಗೆ, ಒಬ್ಬೊಬ್ಬರ ಗ್ಯಾಲರಿಯಲ್ಲೂ ಒಂದು ಪ್ರತಿ. ಮುಚ್ಚಲು ಬಾಗಿಲೇ ಇಲ್ಲ. ವಾಟ್ಸ್ಆ್ಯಪ್ ಫೋಟೋದ ಗಾತ್ರವನ್ನೂ ಇಳಿಸುತ್ತದೆ, ಪ್ರಿಂಟ್ ಹಾಕಿಸಿದರೆ ಮಂಕಾಗಿ ಬರಬಹುದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಆದರೆ ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದಿದ್ದರೆ, ತೆಗೆದ ಜಾಗದ ಮಾಹಿತಿಯೂ ಫೈಲಿನೊಳಗೇ ಹೋಗುತ್ತದೆ. ನಾಮಕರಣ ಮನೆಯಲ್ಲೇ ಆಗಿದ್ದರೆ ಅದು ನಿಮ್ಮ ಮನೆಯದೇ ಗುರುತು. ಡ್ರೈವ್‌ನಿಂದ ಮೂಲ ಫೈಲ್ ಡೌನ್‌ಲೋಡ್ ಮಾಡಿದರೂ ಅಷ್ಟೇ.

ಜಿಮೇಲ್ ಬಳಸದ ಅಜ್ಜಿ, ದೊಡ್ಡಮ್ಮ ಇದ್ದೇ ಇರುತ್ತಾರಲ್ವಾ? ಅವರಿಗೆ 400 ಬೇಕಿಲ್ಲ. ಚೆಂದದ ಹತ್ತು ಫೋಟೋ ಆರಿಸಿ, ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋವಾಗಿಯೇ ಕಳಿಸಿ.