ಮೋಟಾರಿನ ಪುಲ್ಲಿ ದೊಡ್ಡದಾದರೆ ಗಿರಣಿ ಏಕೆ ನಿಲ್ಲುತ್ತದೆ?

ಪ್ರಶ್ನೆ: ಮಧುಗಿರಿ ಹತ್ತಿರ ನಮ್ಮದು ರಾಗಿ ಬೀಸುವ ಗಿರಣಿ. 7.5 ಎಚ್.ಪಿ. ಮೋಟಾರ್, 1440 ಆರ್.ಪಿ.ಎಂ. ಮೋಟಾರಿಗೆ 4 ಇಂಚಿನ ಪುಲ್ಲಿ, ಕಲ್ಲಿನ ಶಾಫ್ಟಿಗೆ 10 ಇಂಚಿನ ಪುಲ್ಲಿ ಇತ್ತು. ಬೇಗ ಬೀಸಲೆಂದು ಮೋಟಾರಿಗೆ 5 ಇಂಚಿನದು ಹಾಕಿಸಿದೆ. ಖಾಲಿ ತಿರುಗುವಾಗ ಚೆನ್ನಾಗಿದೆ, ಕಾಳು ಬಿಟ್ಟ ಸ್ವಲ್ಪ ಹೊತ್ತಿಗೆ ರಿಲೇ ಬಿದ್ದು ಮೋಟಾರ್ ನಿಲ್ಲುತ್ತದೆ. ಪುಲ್ಲಿ ದೊಡ್ಡದಾದರೆ ಶಕ್ತಿ ಹೆಚ್ಚಬೇಕಲ್ಲವೇ? ಬೆಲ್ಟ್ ತೆಗೆದು ಗೇರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ:

ಶಕ್ತಿ ಹೆಚ್ಚುವುದಿಲ್ಲ. ಪುಲ್ಲಿಯಾಗಲಿ ಗೇರಾಗಲಿ ತನ್ನ ಕಡೆಯಿಂದ ಒಂದು ವಾಟ್ ಕೂಡ ಸೇರಿಸುವುದಿಲ್ಲ, ಬದಲಿಗೆ ಸ್ವಲ್ಪ ತಿನ್ನುತ್ತದೆ. ಮೋಟಾರ್ ಕೊಟ್ಟ ಶಕ್ತಿಯನ್ನು ವೇಗ ಮತ್ತು ಟಾರ್ಕ್ ನಡುವೆ ಬೇರೆ ರೀತಿಯಲ್ಲಿ ಹಂಚುವುದಷ್ಟೇ ಅದರ ಕೆಲಸ. ಟಾರ್ಕ್ ಎಂದರೆ ಶಾಫ್ಟನ್ನು ತಿರುಗಿಸುವ ಬಲ. ಸೂತ್ರ ಇಷ್ಟೇ:

P = 2πNT/60

P ವಾಟ್‌ಗಳಲ್ಲಿ ಶಕ್ತಿ, N ನಿಮಿಷಕ್ಕೆ ಸುತ್ತುಗಳು, T ನ್ಯೂಟನ್-ಮೀಟರ್‌ಗಳಲ್ಲಿ ಟಾರ್ಕ್. P ಬದಲಾಗದಿದ್ದರೆ N ಏರಿದಷ್ಟೂ T ಇಳಿಯಲೇಬೇಕು.

ನಾನು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವವನು. ಗಿರಣಿ ಪುಲ್ಲಿಗಳಿಗೆ ಬೋರ್ ಹಾಕುವುದು, ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಕೀ ಕೂರಲು ತೋಡು ಕೊರೆಯುವುದು ನನ್ನ ಅನ್ನ. ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ.

7.5 ಎಚ್.ಪಿ. ಎಂದರೆ ಸುಮಾರು 5500 ವಾಟ್. 1440ರ ವೇಗದಲ್ಲಿ ನಿಮ್ಮ ಮೋಟಾರ್ ಪೂರ್ಣ ಹೊರೆಯಲ್ಲಿ ಕೊಡಬಲ್ಲ ಟಾರ್ಕ್ 36.5 ನ್ಯೂಟನ್-ಮೀಟರ್. ಇದನ್ನು ಮೀರಿಯೂ ಅದು ಸ್ವಲ್ಪ ಹೊತ್ತು ಎಳೆಯುತ್ತದೆ, ಆದರೆ ಹೆಚ್ಚು ಕರೆಂಟ್ ಎಳೆದುಕೊಂಡು, ವೈಂಡಿಂಗ್ ಕಾಯಿಸಿಕೊಂಡು.

ಮೊದಲಿದ್ದ 4 ಮತ್ತು 10 ಇಂಚಿನ ಜೋಡಿಯಲ್ಲಿ ಅನುಪಾತ 2.5. ಕಲ್ಲಿನ ವೇಗ 1440 ಭಾಗಿಸು 2.5, ಅಂದರೆ 576. ಟಾರ್ಕ್ ಅದೇ 2.5 ಪಟ್ಟು ಏರಿ ಕಲ್ಲಿನ ಶಾಫ್ಟಿಗೆ 91 ನ್ಯೂಟನ್-ಮೀಟರ್ ಸಿಗುತ್ತಿತ್ತು. ಈಗ 5 ಮತ್ತು 10ರಲ್ಲಿ ಅನುಪಾತ 2ಕ್ಕೆ ಇಳಿದಿದೆ. ವೇಗ 720ಕ್ಕೆ ಏರಿತು, ಸಿಗುವ ಟಾರ್ಕ್ 73ಕ್ಕೆ ಇಳಿಯಿತು.

ಕಲ್ಲಿಗೆ ಎಷ್ಟು ಟಾರ್ಕ್ ಬೇಕು ಎಂಬುದನ್ನು ತೀರ್ಮಾನಿಸುವುದು ಮೋಟಾರ್ ಅಲ್ಲ. ಎರಡು ಕಲ್ಲುಗಳ ನಡುವಿನ ಸಂದು, ಕಾಳಿನ ಪ್ರಮಾಣ, ಕಾಳಿನ ತೇವ, ಕಲ್ಲಿನ ಮೈಮೇಲೆ ಕೊರೆದ ಕಚ್ಚು ಎಷ್ಟು ಹೊಸದು ಎಂಬುದು ಅದನ್ನು ನಿರ್ಧರಿಸುತ್ತವೆ. ಸಂದನ್ನು ಬದಲಿಸದಿದ್ದರೆ ವೇಗ ಏರಿದರೂ ಕಲ್ಲು ಕೇಳುವ ಟಾರ್ಕ್ ಬಹುತೇಕ ಅಷ್ಟೇ ಇರುತ್ತದೆ. ಅದು 84 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳಿ. ಹಳೆಯ ಜೋಡಿಯಲ್ಲಿ ಮೋಟಾರಿನ ಪಾಲಿಗೆ ಬರುತ್ತಿದ್ದದ್ದು 84 ಭಾಗಿಸು 2.5, ಅಂದರೆ 33.6. ಅದರ ಮಿತಿಯ ಒಳಗೇ ಇತ್ತು. ಹೊಸ ಜೋಡಿಯಲ್ಲಿ 84 ಭಾಗಿಸು 2, ಅಂದರೆ 42. ಮಿತಿಗಿಂತ ಶೇಕಡ 15ರಷ್ಟು ಹೆಚ್ಚು. ಎಚ್.ಪಿ.ಯಲ್ಲಿ ಹೇಳುವುದಾದರೆ ಮೊದಲು ಕಲ್ಲು 6.8 ಕೇಳುತ್ತಿತ್ತು, ಈಗ 8.5 ಕೇಳುತ್ತಿದೆ. ಮೋಟಾರ್ ಇರುವುದು 7.5ರದು. ಇದರ ಜೊತೆಗೆ, ಕಾಳು ಸುರಿಯುವ ತಟ್ಟೆಯನ್ನು ಅಲ್ಲಾಡಿಸುವುದೂ ಅದೇ ಶಾಫ್ಟಾದರೆ ವೇಗ ಏರಿದಾಗ ಕಾಳೂ ಹೆಚ್ಚು ಬೀಳುತ್ತದೆ, 84 ಎಂಬುದು 84 ಆಗಿಯೇ ಉಳಿಯುವುದಿಲ್ಲ. ಖಾಲಿ ತಿರುಗುವಾಗ ಕಲ್ಲು ಏನನ್ನೂ ಕೇಳುವುದಿಲ್ಲ. ಅದಕ್ಕೇ ಆಗ ಎಲ್ಲವೂ ಚೆನ್ನಾಗಿ ಕಂಡಿತು.

ಸಂಜೆ ಹೊತ್ತಿನಲ್ಲಿ ವೋಲ್ಟೇಜ್ ಕಡಿಮೆಯಾದರೆ ಇನ್ನೂ ಕಷ್ಟ. ಇಂಡಕ್ಷನ್ ಮೋಟಾರಿನ ಎಳೆಯುವ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 415ರ ಜಾಗದಲ್ಲಿ 360 ಬಂದರೆ ಗರಿಷ್ಠ ಟಾರ್ಕ್ ಮುಕ್ಕಾಲು ಪಾಲಿಗೆ ಬರುತ್ತದೆ, ಅದೇ ಹೊರೆಗೆ ಹೆಚ್ಚು ಆಂಪಿಯರ್ ಬೇಕಾಗುತ್ತದೆ.

ಇನ್ನು ಗೇರಿನ ಮಾತು. ಪುಲ್ಲಿಯಲ್ಲಿ ವ್ಯಾಸ ಎಣಿಸಿದ ಹಾಗೆ ಗೇರಿನಲ್ಲಿ ಹಲ್ಲು ಎಣಿಸುತ್ತೇವೆ. ಮೋಟಾರಿಗೆ 20 ಹಲ್ಲು, ಕಲ್ಲಿಗೆ 50 ಹಲ್ಲು ಎಂದರೆ ಅನುಪಾತ ಅದೇ 2.5, ವೇಗ ಅದೇ 576. ಹಾಗಾಗಿ 20 ಮತ್ತು 40 ಹಲ್ಲಿನ ಗೇರ್ ಹಾಕಿಸಿದರೆ ನಿಮ್ಮ ಮೋಟಾರ್ ಈಗಿನಷ್ಟೇ ಬಿಸಿಯಾಗುತ್ತದೆ.

ಆದರೆ ಬೆಲ್ಟ್ ಮತ್ತು ಗೇರ್ ಶಕ್ತಿಯನ್ನು ಕಳೆದುಕೊಳ್ಳುವ ರೀತಿ ಬೇರೆ. ಐ.ಟಿ.ಐ. ಮುಗಿಸಿ ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗರೂ ಇದನ್ನು ಸರಿಯಾಗಿ ಹೇಳುವುದು ಅಪರೂಪ. ಬೆಲ್ಟಿನ ಬಿಗಿ ಬದಿಯ ಎಳೆತದಲ್ಲಿ ಸಡಿಲ ಬದಿಯ ಎಳೆತವನ್ನು ಕಳೆದರೆ ಉಳಿಯುವ ಬಲವೇ ಎರಡೂ ಪುಲ್ಲಿಗಳ ಅಂಚನ್ನು ಎಳೆಯುವುದು. ಬಲ ಒಂದೇ ಆದ್ದರಿಂದ ಟಾರ್ಕಿನ ಅನುಪಾತ ವ್ಯಾಸಗಳ ಅನುಪಾತವೇ, ಜಾರಿದರೂ ಅಷ್ಟೇ. ಜಾರಿದಾಗ ಹೋಗುವುದು ವೇಗ. ಶೇಕಡ 3 ಜಾರಿದರೆ ಪೂರ್ಣ ಹೊರೆಯಲ್ಲಿ ಟಾರ್ಕ್ 91ರ ಹತ್ತಿರವೇ ಇರುತ್ತದೆ, ಕಲ್ಲಿನ ವೇಗ ಮಾತ್ರ 559ಕ್ಕೆ ಬರುತ್ತದೆ. ಗೇರಿನಲ್ಲಿ ಹಲ್ಲಿಗೆ ಹಲ್ಲು ಕೂಡಿರುವುದರಿಂದ ವೇಗ ಒಂದು ಸುತ್ತೂ ತಪ್ಪುವುದಿಲ್ಲ. ಆದರೆ ಹಲ್ಲುಗಳ ತಿಕ್ಕಾಟ ಟಾರ್ಕನ್ನು ತಿನ್ನುತ್ತದೆ. ಶೇಕಡ 2 ಹೋದರೆ ವೇಗ ಕರಾರುವಾಕ್ಕಾಗಿ 576, ಟಾರ್ಕ್ 89. ಎರಡರಲ್ಲೂ ನಷ್ಟವಾದದ್ದು ಬಿಸಿಯಾಗಿ ಹೋಗುತ್ತದೆ: ಒಂದರಲ್ಲಿ ರಬ್ಬರ್ ಕಾಯುತ್ತದೆ, ಇನ್ನೊಂದರಲ್ಲಿ ಎಣ್ಣೆ.

ನಿಮ್ಮ ಗಿರಣಿಯಲ್ಲಿ ಕಾಯಿಲೆ ಯಾವುದು ಎಂದು ಪತ್ತೆ ಹಚ್ಚಲು ಇದೇ ದಾರಿ. ಕಾಳು ಬಿಟ್ಟು ಬೀಸುವಾಗ ಟಾಂಗ್ ಟೆಸ್ಟರಿನಲ್ಲಿ ಆಂಪಿಯರ್ ನೋಡಿ, ಟ್ಯಾಕೋಮೀಟರ್ ಹಿಡಿದು ಎರಡೂ ಶಾಫ್ಟುಗಳ ವೇಗ ನೋಡಿ. ಎರಡನ್ನೂ ನೋಡಬೇಕು, ಏಕೆಂದರೆ ಖಾಲಿ ಇದ್ದಾಗ ಮೋಟಾರೇ 1490ರ ಹತ್ತಿರ ಓಡಿ ಹೊರೆ ಬಿದ್ದಾಗ 1440ಕ್ಕೆ ಇಳಿಯುತ್ತದೆ. ಆ ಇಳಿತವನ್ನು ಬೆಲ್ಟಿನ ತಲೆಗೆ ಕಟ್ಟಬಾರದು. ಆಂಪಿಯರ್ ಮೋಟಾರಿನ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚಿದ್ದು, ಎರಡು ವೇಗಗಳ ಅನುಪಾತ 2ರ ಹತ್ತಿರವೇ ಇದ್ದರೆ ಬೆಲ್ಟ್ ಸರಿಯಾಗಿದೆ, ಹೊರೆಯೇ ಹೆಚ್ಚು. ಆಂಪಿಯರ್ ಮಿತಿಯೊಳಗಿದ್ದು ಕಲ್ಲು ಮಾತ್ರ ನಿಧಾನವಾದರೆ ಬೆಲ್ಟ್ ಜಾರುತ್ತಿದೆ. ಆಗ ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದಿರುತ್ತದೆ, ಕಾದ ರಬ್ಬರಿನ ವಾಸನೆ ಬರುತ್ತದೆ, ಪುಲ್ಲಿಯ ತೋಡಿನ ಗೋಡೆಗಳು ಕನ್ನಡಿಯಂತೆ ಹೊಳೆಯುತ್ತವೆ. ವಿ-ಬೆಲ್ಟ್ ತೋಡಿನ ತಳಕ್ಕೆ ತಾಗುತ್ತಿದ್ದರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಅದು ಹಿಡಿಯಬೇಕಾದದ್ದು ಪಕ್ಕದ ಗೋಡೆಗಳಲ್ಲಿ. ವಿಪರೀತ ಬಿಗಿ ಮಾಡಿದರೆ ಬೇರಿಂಗ್ ಹಾಳಾಗುತ್ತದೆ. ನೀವು ಬರೆದಿರುವ ಲಕ್ಷಣ ನೋಡಿದರೆ ನಿಮ್ಮದು ಮೊದಲನೆಯ ಕಾಯಿಲೆ.

ಗೇರ್ ಹಾಕಿಸಬೇಡಿ ಎನ್ನಲು ನನ್ನ ಬಳಿ ಇನ್ನೂ ಎರಡು ಕಾರಣಗಳಿವೆ. ಒಂದು, ಎರಡೇ ಗೇರುಗಳಿದ್ದರೆ ಎರಡನೆಯದು ತಿರುವುಮುರುವಾಗಿ ತಿರುಗುತ್ತದೆ. ಕಲ್ಲಿನ ಕಚ್ಚು ಒಂದೇ ದಿಕ್ಕಿಗೆ ಕೊರೆದದ್ದು, ಹಿಟ್ಟನ್ನು ಹೊರಗೆ ತಳ್ಳುವ ಅದರ ಕೆಲಸ ಕೆಡುತ್ತದೆ. ನಡುವೆ ಒಂದು ಐಡ್ಲರ್ ಗೇರ್ ಹಾಕಿ ದಿಕ್ಕು ಸರಿಪಡಿಸಬಹುದು. ಅದಕ್ಕೆ ಎಷ್ಟು ಹಲ್ಲಿದ್ದರೂ ಒಟ್ಟು ಅನುಪಾತ ಬದಲಾಗುವುದಿಲ್ಲ. ಮೂರು ಫೇಸಿನಲ್ಲಿ ಎರಡನ್ನು ಅದಲುಬದಲು ಮಾಡಿ ಮೋಟಾರನ್ನೇ ಹಿಂದಕ್ಕೆ ತಿರುಗಿಸಿದರೂ ಆಯಿತು. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ರಾಗಿಯ ಜೊತೆ ಒಂದು ಮೊಳೆ ಕಲ್ಲಿಗೆ ಸಿಕ್ಕಿದರೆ ಬೆಲ್ಟ್ ಜಾರಿ ಕಿರುಚುತ್ತದೆ, ನಿಮಗೆ ಸ್ವಿಚ್ ಆರಿಸಲು ಸಮಯ ಸಿಗುತ್ತದೆ. ಗೇರ್ ಜಾರುವುದಿಲ್ಲ. ಹಲ್ಲು ಮುರಿಯುತ್ತದೆ, ಇಲ್ಲವೇ ಶಾಫ್ಟಿನ ಕೀ ಕತ್ತರಿಸಿಹೋಗುತ್ತದೆ.

ಗೇರ್ ಬೇಕಾದದ್ದು ವೇಗ ಒಂದಿಷ್ಟೂ ತಪ್ಪಬಾರದ ಕಡೆ. ನಮ್ಮ ತುಮಕೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಇತ್ತು. ಕೀ ಕೊಡುವ ಗಡಿಯಾರದೊಳಗಿನ ಗೇರ್ ಸಾಲು ನಿಮ್ಮ ಗಿರಣಿಗೆ ತದ್ವಿರುದ್ಧ. ಅಲ್ಲಿ ನಿಧಾನದ ಚಕ್ರ ವೇಗದ ಚಕ್ರವನ್ನು ಓಡಿಸುತ್ತದೆ. ಗಂಟೆಗೊಂದು ಸುತ್ತು ಹಾಕುವ ಚಕ್ರದಿಂದ ನಿಮಿಷಕ್ಕೊಂದು ಸುತ್ತು ಹಾಕುವ ಚಕ್ರಕ್ಕೆ 60 ಪಟ್ಟು ಏರಬೇಕು. ಒಂದೇ ಜೋಡಿಯಲ್ಲಿ ಏರಿಸಲು ಹೊರಟರೆ 10 ಹಲ್ಲಿಗೆ 600 ಹಲ್ಲಿನ ಚಕ್ರ ಬೇಕಾದೀತು. ಅದಕ್ಕೆ ಎರಡು ಹಂತ: 80 ಹಲ್ಲಿನದು 10 ಹಲ್ಲಿನದನ್ನು, ಅದೇ ಕಡ್ಡಿಯ ಮೇಲೆ ಕೂತ 75 ಹಲ್ಲಿನದು ಇನ್ನೊಂದು 10 ಹಲ್ಲಿನದನ್ನು ಓಡಿಸಿದರೆ 8 ಗುಣಿಸು 7.5, ಸರಿಯಾಗಿ 60. ಟಾರ್ಕ್ ಅಲ್ಲಿ 60ನೇ ಒಂದು ಪಾಲಿಗೂ ಕಡಿಮೆ ಉಳಿಯುತ್ತದೆ. ಸೆಕೆಂಡ್ ಮುಳ್ಳನ್ನು ಒಂದು ಕೂದಲೆಳೆ ತಡೆದು ನಿಲ್ಲಿಸುವುದು ಅದಕ್ಕೇ.

ಈಗ ನಿಮಗೆ ನನ್ನ ಸಲಹೆ. ಹೊಸ 5 ಇಂಚಿನ ಪುಲ್ಲಿಯನ್ನು ತೆಗೆಯಬೇಡಿ. ಕಲ್ಲಿನ ಶಾಫ್ಟಿನ 10 ಇಂಚಿನದನ್ನು ತೆಗೆದು 12 ಇಂಚಿನದು ಹಾಕಿಸಿ. ಅನುಪಾತ 2.4, ಕಲ್ಲಿನ ವೇಗ 600. ಹಳೆಯದಕ್ಕಿಂತ ತುಸು ಬೇಗವೇ ಬೀಸುತ್ತದೆ. 84ರ ಹೊರೆಗೆ ಮೋಟಾರಿನ ಪಾಲು 35, ಅಂದರೆ ಮಿತಿಯೊಳಗೆ, ಆದರೆ ಅಂಚಿನಲ್ಲಿ. ಇದರಲ್ಲಿ ಇನ್ನೊಂದು ಲಾಭವಿದೆ. ಹಳೆಯ 4 ಇಂಚಿನ ಪುಲ್ಲಿಯಲ್ಲಿ ಅದೇ ಕೆಲಸಕ್ಕೆ ಬೆಲ್ಟುಗಳು ಒಟ್ಟು 67 ಕಿಲೋ ತೂಕದಷ್ಟು ಎಳೆಯಬೇಕಿತ್ತು, 5 ಇಂಚಿನದರಲ್ಲಿ 56 ಕಿಲೋ ಸಾಕು. ನಿಮ್ಮದು ಬಿ ಸೆಕ್ಷನ್ ಬೆಲ್ಟಾದರೆ ಅದಕ್ಕೆ 5 ಇಂಚಿಗಿಂತ ಚಿಕ್ಕ ಪುಲ್ಲಿ ಒಳ್ಳೆಯದೂ ಅಲ್ಲ, ಅಷ್ಟು ಮುರಿದು ಬಾಗಿದಾಗ ಒಳಗಿನ ದಾರ ಬೇಗ ಬಿರಿಯುತ್ತದೆ. ಬೆಲ್ಟ್ ಈಗಿನದಕ್ಕಿಂತ ಸುಮಾರು 3 ಇಂಚು ಉದ್ದದ್ದು ಬೇಕು, ಅಥವಾ ಮೋಟಾರ್ ಕೂತ ರೈಲಿನ ಮೇಲೆ ಜಾಗವಿದ್ದರೆ ಮೋಟಾರನ್ನು ಒಂದೂವರೆ ಇಂಚು ಹತ್ತಿರಕ್ಕೆ ಸರಿಸಿ. ಎರಡು ಬೆಲ್ಟ್ ಓಡುತ್ತಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಹೊಸದೊಂದೇ ಇಡೀ ಹೊರೆ ಹೊರುತ್ತದೆ. ವ್ಯಾಸ ಎಂದು ನಾನು ಹೇಳುತ್ತಿರುವುದು ಬೆಲ್ಟ್ ಕೂರುವ ಮಟ್ಟದ್ದು. ಹೊರ ಅಂಚನ್ನು ಟೇಪಿನಲ್ಲಿ ಅಳೆದರೆ ಸ್ವಲ್ಪ ಹೆಚ್ಚು ತೋರಿಸುತ್ತದೆ.

720ರ ವೇಗವೇ ಬೇಕು ಎಂದರೆ ಮೋಟಾರ್ 10 ಎಚ್.ಪಿ.ಗೆ ಹೋಗಬೇಕು. ಅದಕ್ಕೆ ಮೊದಲು ಗಿರಣಿ ತಯಾರಕರು ಆ ಕಲ್ಲಿಗೆ ಗೊತ್ತುಮಾಡಿದ ಗರಿಷ್ಠ ವೇಗ ಎಷ್ಟೆಂದು ಕೇಳಿ. ವೇಗ ಮೀರಿದರೆ ಕಲ್ಲು ಸಿಡಿಯುವ ಅಪಾಯವಿದೆ. ಹಿಟ್ಟೂ ಬಿಸಿಯಾಗಿ ಬೀಳುತ್ತದೆ, ಗಿರಾಕಿಗಳು ಮುಟ್ಟಿದ ಕೂಡಲೇ ಕೇಳುತ್ತಾರೆ.

ಹೊರೆ ಮೀರಿದಾಗ ಮೋಟಾರನ್ನು ನಿಲ್ಲಿಸುವ ರಿಲೇಯ ಮುಳ್ಳನ್ನು ಮಾತ್ರ ತಿರುಗಿಸಿ ಮೇಲಕ್ಕೆ ಇಡಬೇಡಿ. 5.5 ಕಿಲೋವಾಟ್ ಮೋಟಾರಿನ ಫಲಕದಲ್ಲಿ 11 ಆಂಪಿಯರ್ ಆಸುಪಾಸು ಬರೆದಿರುತ್ತದೆ. ನಿಮ್ಮದು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆಗಿದ್ದು ರಿಲೇ ಡೆಲ್ಟಾ ಸುತ್ತಿನ ಒಳಗಿದ್ದರೆ ಅದರ ಮೂಲಕ ಹೋಗುವುದು ಇದರ ಶೇಕಡ 58 ಮಾತ್ರ, ಆದ್ದರಿಂದ ಮುಳ್ಳು 6.4ರ ಹತ್ತಿರ ಇರಬೇಕು. ಅಲ್ಲಿ 11ಕ್ಕೆ ಇಟ್ಟರೆ ರಿಲೇ ಇದ್ದೂ ಇಲ್ಲದಂತೆ. 12 ಇಂಚಿನ ಪುಲ್ಲಿ ಹಾಕಿದ ಮೇಲೂ ಆಂಪಿಯರ್ ಮಿತಿ ದಾಟಿದರೆ ಕಾಳಿನ ಬಾಗಿಲನ್ನು ತುಸು ಮುಚ್ಚಿ, ಕಲ್ಲಿಗೆ ಕಚ್ಚು ಹಾಕಿಸಿ ಎಷ್ಟು ದಿನವಾಯಿತು ಎಂದು ನೋಡಿ.