ಅಳಿಸಲು ಬಿಡದ ರಮ್ಮಿ ಆ್ಯಪ್

“ಬೇಲೂರಿನಲ್ಲಿರುವ ನನ್ನ ತಮ್ಮ ವಾಟ್ಸಾಪ್‌ನಲ್ಲಿ ಬಂದ ರಮ್ಮಿ ಎಪಿಕೆ ಹಾಕಿಕೊಂಡು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟಿದ್ದಾನೆ. ಈಗ ಅನ್‌ಇನ್‌ಸ್ಟಾಲ್ ಒತ್ತಿದರೆ ಪರದೆ ಮುಚ್ಚಿಕೊಳ್ಳುತ್ತದೆ. ಏನು ಮಾಡಲಿ?”

ಸರ್, ಇದು ಆಕ್ಸೆಸಿಬಿಲಿಟಿ ಅನುಮತಿಯ ದುರ್ಬಳಕೆಯ ಲಕ್ಷಣವೆಂದು ತೋರುತ್ತದೆ. ದೃಷ್ಟಿದೋಷವುಳ್ಳವರಿಗೆ ನೆರವಾಗಲೆಂದು ರೂಪಿಸಿದ ಈ ಸೌಲಭ್ಯವನ್ನು ಪಡೆದ ಆ್ಯಪ್ ಪರದೆಯ ಮೇಲಿನ ಬರಹವನ್ನು ಓದಬಲ್ಲದು, ಬಳಕೆದಾರರ ಪರವಾಗಿ ಗುಂಡಿಗಳನ್ನೂ ಒತ್ತಬಲ್ಲದು. ಆದ್ದರಿಂದಲೇ ಅದು ತನ್ನನ್ನು ಅಳಿಸುವ ಪುಟ ತೆರೆದೊಡನೆ ಹಿಂದಕ್ಕೆ ಹೋಗುತ್ತದೆ. ಇದರ ಜೊತೆಗೆ ಎಸ್‌ಎಂಎಸ್ ಓದುವ ಅನುಮತಿಯೂ ಸಿಕ್ಕಿದ್ದರೆ, ಬ್ಯಾಂಕಿನ ಒಟಿಪಿ ನಿಮ್ಮ ತಮ್ಮನವರ ಕಣ್ಣಿಗೆ ಬೀಳುವ ಮೊದಲೇ ವಂಚಕರನ್ನು ತಲುಪಬಹುದು. ಇಸ್ಪೀಟಾಟಕ್ಕೆ ಇವೆರಡರ ಅಗತ್ಯವೇ ಇಲ್ಲ.

ಮೊದಲು ಡೇಟಾ ಮತ್ತು ವೈಫೈ ನಿಲ್ಲಿಸಿ, ಸಿಮ್ ಹೊರತೆಗೆಯಿರಿ. ಮತ್ತೊಂದು ಫೋನಿನಿಂದ ಬ್ಯಾಂಕಿಗೆ ಕರೆಮಾಡಿ ನೆಟ್‌ಬ್ಯಾಂಕಿಂಗ್ ಮತ್ತು ಯುಪಿಐ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಬಳಿಕ ಪವರ್ ಮೆನುವಿನಲ್ಲಿ ಪವರ್ ಆಫ್ ಎಂಬುದನ್ನು ಒತ್ತಿಹಿಡಿದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೇಫ್ ಮೋಡ್ ಆಯ್ಕೆ ಬರುತ್ತದೆ. ಅಲ್ಲಿ ಹೊರಗಿನಿಂದ ಹಾಕಿದ ಆ್ಯಪ್‌ಗಳು ಓಡುವುದಿಲ್ಲವಾದ್ದರಿಂದ, ಸೆಟ್ಟಿಂಗ್ಸ್‌ನಲ್ಲಿ ರಮ್ಮಿ ಆ್ಯಪ್‌ನ ಆಕ್ಸೆಸಿಬಿಲಿಟಿ ಅನುಮತಿಯನ್ನೂ, ಫೋನಿನ ಮೇಲೆ ಹಿಡಿತ ಪಡೆದ ಆ್ಯಪ್‌ಗಳ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿರುವ ಅದರ ಹೆಸರನ್ನೂ ನಿಷ್ಕ್ರಿಯಗೊಳಿಸಿ ಅದನ್ನು ಅಳಿಸಬಹುದು. ಆದರೆ ಅದು ಬೇರೆ ಹೆಸರಿನ ಎರಡನೆಯ ಆ್ಯಪ್ ಇಳಿಸಿರುವ ಸಾಧ್ಯತೆಯೂ ಉಂಟು. ಹೀಗಾಗಿ ಫೋಟೊಗಳನ್ನಷ್ಟೇ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಪಾಸ್‌ವರ್ಡ್‌ಗಳನ್ನು ಅದಕ್ಕೂ ಮೊದಲು ಈ ಫೋನಿನಲ್ಲಿ ಬದಲಿಸಬೇಡಿ, ಹೊಸದನ್ನೂ ಅದು ಓದಿಬಿಡುತ್ತದೆ.