ಮಗನ ಐಎಎಸ್ ಓದು, ಜತೆಗೆ ಬ್ಯಾಂಕ್ ಪರೀಕ್ಷೆ: ರೇಷ್ಮೆ ಬೆಳೆಗಾರರ ಗುಂಪಿನಲ್ಲಿ ಒಂದು ಉತ್ತರ

"ಮಗ ಬಿಎಸ್ಸಿ ಅಗ್ರಿ ಮುಗಿಸಿ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಐಎಎಸ್‌ಗೆ ಓದ್ತಿದ್ದಾನೆ. ಈಗ 25. ಪ್ರಿಲಿಮ್ಸ್ ಎರಡು ಸಲ ಹೋಯ್ತು. ಬ್ಯಾಂಕ್ ಪರೀಕ್ಷೆನೂ ಬರಿ ಅಂದ್ರೆ ಗಮನ ಹಾಳಾಗುತ್ತೆ ಅಂತಾನೆ. ಆಗದಿದ್ರೆ ತೋಟ ಇದ್ದೇ ಇದೆಯಲ್ಲ ಅಂತಾನೆ. ನಾನೇನು ಹೇಳಲಿ?" (ಶಿಡ್ಲಘಟ್ಟ ತಾಲೂಕಿನಿಂದ)

ಅಣ್ಣ, ನಾನೂ ಅಗ್ರಿ ಓದಿದವನು. ಯುಪಿಎಸ್‌ಸಿ ಬರೆಯುತ್ತಲೇ ಬ್ಯಾಂಕಿನ ಕೃಷಿ ಅಧಿಕಾರಿ ಕೆಲಸಕ್ಕೆ ಸೇರಿದವನು. ಈಗ ಕೋಲಾರ ಜಿಲ್ಲೆಯಲ್ಲಿದ್ದೀನಿ. ಎರಡೂ ಪರೀಕ್ಷೆ ಒಳಗಿಂದ ಗೊತ್ತಿರೋದರಿಂದ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ವಯಸ್ಸಿನ ಲೆಕ್ಕ ಹಾಕೋಣ. ಸಾಮಾನ್ಯ ವರ್ಗಕ್ಕೆ ಯುಪಿಎಸ್‌ಸಿಯಲ್ಲಿ 32 ವರ್ಷದವರೆಗೆ ಅವಕಾಶ, ಆದರೆ ಒಟ್ಟು ಆರೇ ಸಲ. ಹುಡುಗನಿಗೆ ಇನ್ನು ನಾಲ್ಕು ಸಲ ಉಳಿದಿದೆ. ವರ್ಷಕ್ಕೊಂದರಂತೆ ಬರೆದರೆ 29ಕ್ಕೆ ಮುಗಿದು ಹೋಗುತ್ತೆ. ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆಗೆ ಗಡಿ 30. ಅಂದರೆ ಆರೂ ಸಲ ಬರೆದು ಮುಗಿಸಿ, ಆಮೇಲೆ ಬ್ಯಾಂಕ್ ನೋಡ್ತೀನಿ ಅಂತ ಹೊರಟರೆ ಅವನ ಕೈಲಿ ಉಳಿಯೋದು ಹೆಚ್ಚೆಂದರೆ ಒಂದು ವರ್ಷ. ಅದೂ ಹೊಸ ಪರೀಕ್ಷೆ, ಮೊದಲ ಸಲ. ಅವನನ್ನು ಕೂರಿಸಿಕೊಂಡು ಈ ಲೆಕ್ಕ ಹೇಳಿ. ಗಮನ ಹಾಳಾಗುತ್ತೆ ಅನ್ನೋ ಮಾತು ಅದಾದ ಮೇಲೆ ಬರಲಿ.

ಮೇಲೆ ಗೌರಿಬಿದನೂರಿನ ಅಣ್ಣ "ನಮ್ಮದು 3ಎ, 35ರವರೆಗೂ ಬರೀಬಹುದು, ಒಂಬತ್ತು ಸಲ" ಅಂತ ಬರೆದಿದ್ದಾರೆ. 35 ಮತ್ತು ಒಂಬತ್ತು ಅನ್ನೋದು ಒಬಿಸಿಗೆ ಸರಿ. ಆದರೆ 2ಎ, 3ಎ, 3ಬಿ ಎಲ್ಲ ರಾಜ್ಯದ ಪಟ್ಟಿ. ಯುಪಿಎಸ್‌ಸಿಗೂ ಬ್ಯಾಂಕಿಗೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಹೆಸರಿರಬೇಕು, ಅದೇ ನಮೂನೆಯ ಸರ್ಟಿಫಿಕೇಟ್ ಬೇಕು. ಎರಡೂ ಪಟ್ಟಿ ಒಂದೇ ಅಲ್ಲ. ಇವತ್ತೇ ನೋಡಿಕೊಳ್ಳಿ, ಯಾಕೆಂದರೆ ಮೇಲಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಇನ್ನೊಬ್ಬರು "ಅರ್ಜಿ ಹಾಕಿದರೇ ಒಂದು ಸಲ ಲೆಕ್ಕ" ಅಂದಿದ್ದಾರೆ. ಹಾಗಲ್ಲ. ಪ್ರಿಲಿಮ್ಸಿನ ಒಂದು ಪೇಪರಿಗಾದರೂ ಹೋಗಿ ಕೂತರೆ ಮಾತ್ರ ಲೆಕ್ಕ. ತಯಾರಿ ಆಗಿಲ್ಲ ಅನ್ನಿಸಿದ ವರ್ಷ ಸುಮ್ನೆ ನೋಡಿ ಬರೋಣ ಅಂತ ಹೋಗಿ ಒಂದು ಅವಕಾಶ ಕಳೆಯೋದು ಬೇಡ.

ಈಗ ಗಮನದ ವಿಷಯ. 2025ರ ದಿನಗಳನ್ನೇ ತೆಗೆದುಕೊಳ್ಳಿ. ಯುಪಿಎಸ್‌ಸಿ ಪ್ರಿಲಿಮ್ಸ್ ಮೇ 25ಕ್ಕೆ ಆಯ್ತು, ಜೂನ್ ಎರಡನೇ ವಾರಕ್ಕೆ ಫಲಿತಾಂಶ ಬಂತು. ಪಾಸಾದವನು ಆಗಸ್ಟ್ 22ರಿಂದ ಮೇನ್ಸ್ ಬರೆದ. ಪಾಸಾಗದವನ ಕಥೆ ಏನು? ನಾನು ನೋಡಿದಂತೆ ಹೆಚ್ಚಿನ ಹುಡುಗರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಕಾಗಿ ಕೂರುತ್ತಾರೆ. ಪುಸ್ತಕ ತೆರೆದಿರುತ್ತೆ, ಓದು ಸಾಗಲ್ಲ. ಅದೇ ವರ್ಷ ಬ್ಯಾಂಕುಗಳಿಗೆ ಐಬಿಪಿಎಸ್ ನಡೆಸುವ ಎಸ್‌ಒ, ಅಂದರೆ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯ ಪ್ರಿಲಿಮ್ಸ್ ಇದ್ದದ್ದು ಆಗಸ್ಟ್ 30, ಮೇನ್ಸ್ ನವೆಂಬರ್ 9. ಕೃಷಿ ಅಧಿಕಾರಿ ಹುದ್ದೆ ಇದರಲ್ಲೇ ಬರೋದು. ಜೂನ್ ಮಧ್ಯದಿಂದ ಲೆಕ್ಕ ಹಾಕಿದರೆ ಪ್ರಿಲಿಮ್ಸಿಗೆ ಹತ್ತು ವಾರ ಸಿಗುತ್ತೆ. ನವೆಂಬರ್ ಮಧ್ಯಕ್ಕೆ ಎಲ್ಲ ಮುಗಿಸಿ ಮತ್ತೆ ಯುಪಿಎಸ್‌ಸಿಗೆ ವಾಪಸ್ ಬಂದರೆ ಮುಂದಿನ ಮೇವರೆಗೆ ಆರು ತಿಂಗಳು ಪೂರ್ತಿ ಅವನದೇ. ಮಂಕಾಗಿ ಕೂರುವ ತಿಂಗಳನ್ನಷ್ಟೇ ಇದು ಬಳಸಿಕೊಳ್ಳೋದು. ದಿನಾಂಕ ವರ್ಷ ವರ್ಷ ಬದಲಾಗುತ್ತೆ, ಐಬಿಪಿಎಸ್ ಕ್ಯಾಲೆಂಡರ್ ಮೊದಲೇ ಬರುತ್ತೆ, ಅದನ್ನು ಇಟ್ಟುಕೊಂಡೇ ಯೋಜನೆ ಮಾಡಿ.

ಓದೋದೂ ಬೇರೆ ಬೇರೆ ಅಲ್ಲ. ಬ್ಯಾಂಕ್ ಪರೀಕ್ಷೆಯ ರೀಸನಿಂಗ್, ಲೆಕ್ಕ, ಇಂಗ್ಲಿಷ್ ಇವೆಲ್ಲ ಯುಪಿಎಸ್‌ಸಿ ಪ್ರಿಲಿಮ್ಸಿನ ಎರಡನೇ ಪೇಪರಾದ ಸಿ-ಸ್ಯಾಟ್‌ಗೂ ಬೇಕು. ಬ್ಯಾಂಕಿನ ಮೇನ್ಸಿನಲ್ಲಿ ಬರೋ ಕೃಷಿ ವಿಷಯ ಅವನು ಡಿಗ್ರಿಯಲ್ಲಿ ಓದಿದ್ದೇ. ಯುಪಿಎಸ್‌ಸಿಗೆ ಐಚ್ಛಿಕ ವಿಷಯ ಕೃಷಿಯೇ ಆಗಿದ್ದರೆ ಇನ್ನೂ ಒಳ್ಳೆಯದು.

ಸಿ-ಸ್ಯಾಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎರಡು ಸಲ ಹೋಯ್ತು ಅಂದಿರಿ, ಯಾವ ಪೇಪರಿನಲ್ಲಿ ಹೋಯ್ತು? ಅದನ್ನು ಕೇಳಿದಿರಾ? ಸಿ-ಸ್ಯಾಟ್‌ನಲ್ಲಿ 200ಕ್ಕೆ 66 ಬಂದರೆ ಸಾಕು, ಆದರೆ ಅಷ್ಟು ಬರದಿದ್ದರೆ ಮೊದಲ ಪೇಪರನ್ನು ನೋಡೋದೇ ಇಲ್ಲ. 80 ಪ್ರಶ್ನೆ, ಸರಿಯಾದರೆ ಎರಡೂವರೆ ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಳೀತಾರೆ. ಒಬ್ಬ 50 ಪ್ರಶ್ನೆ ಮುಟ್ಟಿ 32 ಸರಿ, 18 ತಪ್ಪು ಮಾಡಿದ ಅನ್ನಿ. 80 ಬಂತು, 15 ಹೋಯ್ತು, ಉಳಿದದ್ದು 65. ಫೇಲು. ಅದೇ ಹುಡುಗ ಗೊತ್ತಿಲ್ಲದ ಎರಡು ಪ್ರಶ್ನೆ ಬಿಟ್ಟಿದ್ದರೆ 66 ದಾಟಿ ಪಾಸು. ಇಂಥ ಹುಡುಗನಿಗೆ ಇತಿಹಾಸ, ಸಂವಿಧಾನ ಇನ್ನೊಂದು ವರ್ಷ ಓದಿಸಿದರೆ ಏನೂ ಉಪಯೋಗ ಇಲ್ಲ. ಬ್ಯಾಂಕಿನ ಲೆಕ್ಕ ಮಾಡಿದ ಮೂರು ತಿಂಗಳೇ ಅವನಿಗೆ ಔಷಧಿ.

ಸಿ-ಸ್ಯಾಟ್ ಪಾಸಾಗಿ ಮೊದಲ ಪೇಪರಿನಲ್ಲಿ ಹೋಗಿದ್ದರೆ ಎಷ್ಟರಲ್ಲಿ ಹೋಯ್ತು ಅಂತ ನೋಡಬೇಕು. 2024ರಲ್ಲಿ ಸಾಮಾನ್ಯ ವರ್ಗದ ಕಟ್‌ಆಫ್ 200ಕ್ಕೆ 87.98 ಇತ್ತು. ಎಂಟು ಹತ್ತು ಅಂಕದಲ್ಲಿ ತಪ್ಪಿದವನನ್ನು ನಿಲ್ಲಿಸಬೇಡಿ. ಎರಡು ಸಲವೂ ಮೂವತ್ತು ಅಂಕ ದೂರ ಇದ್ದರೆ ನನ್ನ ಅಭಿಪ್ರಾಯದಲ್ಲಿ ಕೆಲಸ ಮೊದಲು ಹಿಡಿಯಲಿ, ಆಮೇಲೆ ಬರೀಲಿ. ಇದು ನನ್ನ ಅಳತೆ ಅಷ್ಟೇ, ಒಪ್ಪದವರೂ ಇದ್ದಾರೆ.

ಫಾರಂ ತುಂಬುವಾಗ ಇಂಡಿಯನ್ ಫಾರೆಸ್ಟ್ ಸರ್ವಿಸ್‌ಗೂ ಟಿಕ್ ಹಾಕಲಿ. ಅಗ್ರಿ ಪದವಿಗೆ ಅರ್ಹತೆ ಇದೆ, ಪ್ರಿಲಿಮ್ಸ್ ಒಂದೇ. ಎಷ್ಟೋ ನಮ್ಮ ಹುಡುಗರು ಇದನ್ನು ಹಾಗೇ ಬಿಟ್ಟುಬಿಡ್ತಾರೆ.

ಚಿಂತಾಮಣಿಯ ಅಕ್ಕ ತಮ್ಮ ಪಿಯುಸಿ ಮಗಳಿಗೆ ಈಗಿಂದಲೇ ಕೋಚಿಂಗ್ ಸೇರಿಸಲಾ ಅಂತ ಕೇಳಿದ್ದಾರೆ. ಅಕ್ಕ, ಅದು ಬೇರೆ ವಿಷಯ, ಬೇರೆ ಪೋಸ್ಟ್ ಹಾಕಿ, ಬರೀತೀನಿ. ಕೆಎಎಸ್ಸೇ ಬ್ಯಾಕಪ್ ಆಗಲಿ ಅಂದವರಿಗೆ ಒಂದೇ ಮಾತು: 2020ರಲ್ಲಿ 106 ಹುದ್ದೆಗೆ ಕರೆದರು, ಮುಂದಿನದು 384ಕ್ಕೆ ಬಂದದ್ದು 2024ರಲ್ಲಿ. ಆಗ ಕನ್ನಡ ಅನುವಾದದ ತಪ್ಪುಗಳಿಂದ ಪ್ರಿಲಿಮ್ಸ್ ಮತ್ತೊಮ್ಮೆ ನಡೆಸಬೇಕಾಯ್ತು. ಬರೀಲಿ, ಆದರೆ ಅದು ಯಾವಾಗ ಬರುತ್ತೆ ಅಂತ ನಂಬಿ ಕೂರೋದು ಕಷ್ಟ.

ಇನ್ನು ತೋಟ. ಆಗದಿದ್ರೆ ತೋಟ ಇದೆ ಅನ್ನೋದನ್ನು ನಾನು ಬ್ಯಾಕಪ್ ಅಂತ ಒಪ್ಪಲ್ಲ ಅಣ್ಣ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಸೊಪ್ಪು ಎಳೆಯೋದು ಹೇಗಿರುತ್ತೆ, ಆ ವಾರ ಮನೆಯಲ್ಲಿ ಯಾರೂ ನಿದ್ದೆ ಮಾಡಲ್ಲ ಅನ್ನೋದು ನಿಮಗೆ ಗೊತ್ತು. ಅವನು ವಿಜಯನಗರದ ರೂಮಿನಲ್ಲಿದ್ದಾನೆ. 30 ದಾಟಿ ವಾಪಸ್ ಬಂದು ಅದನ್ನು ಹೊಸದಾಗಿ ಕಲಿಯಬೇಕು, ಆ ಹೊತ್ತಿಗೆ ಕೂಲಿ ಸಿಗುತ್ತಾ, ನಿಮ್ಮ ಕೈಲಾಗುತ್ತಾ? ರೇಷ್ಮೆ ನಿಜವಾಗಿಯೂ ಅವನ ಯೋಜನೆಯಲ್ಲಿದ್ದರೆ ಪರೀಕ್ಷೆ ಮುಗಿದ ಮೇಲೆ ಬಂದು ಒಂದು ಬೆಳೆ ಪೂರ್ತಿ ಅವನೇ ಎತ್ತಲಿ, ಚಾಕಿ ಹುಳ ತರೋದರಿಂದ ಹಿಡಿದು ಗೂಡು ಮಾರ್ಕೆಟ್‌ವರೆಗೆ. ಆಗ ಅವನಿಗೇ ತಿಳಿಯುತ್ತೆ.

ಬ್ಯಾಂಕಿನಲ್ಲಿ ಸಿಕ್ಕರೂ ತೊಂದರೆ ಇದೆ, ಮುಚ್ಚಿಡಲ್ಲ. ಬೇರೆ ರಾಜ್ಯಕ್ಕೆ ಹಾಕಬಹುದು. ಕೆಲವು ಬ್ಯಾಂಕು ಬಾಂಡ್ ಬರೆಸಿಕೊಳ್ಳುತ್ತವೆ, ಬೇಗ ಬಿಟ್ಟರೆ ದುಡ್ಡು ಕಟ್ಟಬೇಕು. ಕೆಲಸದಲ್ಲಿದ್ದು ಯುಪಿಎಸ್‌ಸಿ ಬರೆಯುವಾಗ ಮೇಲಧಿಕಾರಿಗೆ ತಿಳಿಸಿರಬೇಕು. ಸಾಲ ವಸೂಲಿಗೆ ಹಳ್ಳಿ ಸುತ್ತಿ ಸಂಜೆ ಬಂದು ಓದೋದು ಎಲ್ಲರಿಗೂ ಆಗಲ್ಲ. ಸೇರಿ ಓದಬೇಕಾ, ಸೇರದೆ ಇನ್ನೊಂದು ವರ್ಷ ನೋಡಬೇಕಾ ಅನ್ನೋದು ನೇಮಕಾತಿ ಪತ್ರ ಕೈಲಿದ್ದಾಗ ಮನೆಯವರೆಲ್ಲ ಕೂತು ಮಾತಾಡಬೇಕಾದ ಪ್ರಶ್ನೆ.

ಸದ್ಯಕ್ಕೆ ಎರಡು ಕೆಲಸ ಮಾಡಿ. ಯುಪಿಎಸ್‌ಸಿ ಸೈಟಿನಿಂದ ಎರಡೂ ಸಲದ ಪ್ರಿಲಿಮ್ಸ್ ಅಂಕ ತೆಗೆಯೋಕೆ ಹೇಳಿ. ಅಂತಿಮ ಫಲಿತಾಂಶ ಬಂದ ಮೇಲೆ ಹಾಕ್ತಾರೆ, ಫೇಲಾದವರದ್ದೂ ಸಿಗುತ್ತೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ. ಹೆಸರು, ನಂಬರ್ ಮುಚ್ಚಿ ಬರೀ ಅಂಕ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.